ಆಫೀಸ್ ಸಹೋದ್ಯೋಗಿ ಮನೇಲಿ ಸಾವಾದಾಗ ಮೇಲ್ ಹೇಗೆ ಬರೀಬೇಕು, ಪ್ರಮೋಷನ್ ಆದಾಗ ಹೇಗೆ

ನಮ್ಮಮ್ಮ ಹೋದಾಗ ನಂಗೆ ಆಫೀಸಿಂದ ಮೂವತ್ತಕ್ಕೂ ಜಾಸ್ತಿ ಮೇಲ್ ಬಂದಿತ್ತು. ಹದಿಮೂರು ದಿನ ಊರಲ್ಲೇ ಇದ್ದೆ, ಮನೆ ತುಂಬ ನೆಂಟರು, ಯಾರೋ ಬರೋರು ಯಾರೋ ಹೋಗೋರು, ಮಧ್ಯೆ ಪುರೋಹಿತರು ಕೊಟ್ಟ ಸಾಮಾನಿನ ಪಟ್ಟಿ, ಶಾಮಿಯಾನದವ್ರಿಗೆ ಅಡ್ವಾನ್ಸ್, ಅಡುಗೆಯವ್ರ ಜೊತೆ ಎಲೆ ಲೆಕ್ಕ. ಇದ್ರ ನಡುವೆ ಹಿತ್ಲಲ್ಲಿ ಒಂದೈದು ನಿಮಿಷ ಕೂತಾಗ ಫೋನ್ ತೆಗ್ದು ನೋಡ್ತಿದ್ದೆ. ಆ ಮೇಲ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲಾದ್ರಲ್ಲೂ ಇದ್ದಿದ್ದು ಒಂದೇ ಮಾತು, ಹಾರ್ಟ್‌ಫೆಲ್ಟ್ ಕಂಡೋಲೆನ್ಸಸ್, ಮೇ ಹರ್ ಸೋಲ್ ರೆಸ್ಟ್ ಇನ್ ಪೀಸ್. ಯಾರ ಮೇಲೂ ಬೇಜಾರಿಲ್ಲ, ಬರ್ದ್ರಲ್ಲಾ ಅಂತ ಸಮಾಧಾನಾನೇ ಆಗಿತ್ತು. ಆದ್ರೆ ಇವತ್ತಿಗೂ ನೆನಪಿರೋದು ಒಂದೇ ಒಂದು ಮೇಲು. ಪಕ್ಕದ ಸೆಕ್ಷನ್ನಿನ ಒಬ್ರು ಮೇಡಂ ಬರ್ದಿದ್ದು, ನಾಲ್ಕು ಸಾಲು. "ನೀವು ಹಬ್ಬಕ್ಕೆ ಊರಿಗೆ ಹೋಗಿ ಬಂದಾಗೆಲ್ಲ ಅಮ್ಮ ಕೊಟ್ಟ ಚಕ್ಲಿ ಡಬ್ಬಿ ನಮ್ಮ ಟೇಬಲ್ಲಿಗೂ ಬರ್ತಿತ್ತು, ಅವ್ರನ್ನ ನಾನು ನೋಡಿರ್ಲಿಲ್ಲ, ಆದ್ರೂ ಗೊತ್ತಿತ್ತು ಅನ್ಸತ್ತೆ" ಅಂತಿತ್ತು. ಕೊನೇಲಿ "ಇದಕ್ಕೆ ರಿಪ್ಲೈ ಮಾಡ್ಬೇಡಿ" ಅಂತ. ಅದನ್ನ ಓದಿ ಹಿತ್ಲಲ್ಲೇ ಕೂತು ಅತ್ತೆ, ಅಲ್ಲೀವರ್ಗೂ ಅಳು ಬಂದಿರ್ಲಿಲ್ಲ.

ಆಮೇಲಿಂದ ನಾನು ಈ ಥರ ಮೇಲ್ ಬರೆಯೋ ರೀತೀನೇ ಬದ್ಲಾಯ್ತು. ಏನು ಬದ್ಲಾಯ್ತು, ಯಾಕೆ ಅಂತ ಒಂದು ಉದಾಹರಣೆ ಇಟ್ಕೊಂಡೇ ಹೇಳ್ತೀನಿ.

ನಾನಿರೋದು ಬೆಂಗಳೂರಿನ ಒಂದು ಅಕೌಂಟ್ಸ್ ಟೀಮಲ್ಲಿ. ನಮ್ಮ ಜೊತೆ ಕೆಲ್ಸ ಮಾಡೋ ಒಬ್ರು, ಹೆಸ್ರು ಬದ್ಲಿಸಿ ಮಂಜು ಅಂತ ಇಟ್ಕೊಳ್ಳೋಣ, ಊರು ಅರಸೀಕೆರೆ ಕಡೆ. ತಿಂಗಳ 17ನೇ ತಾರೀಕು ಬೆಳಿಗ್ಗೆ ಅವ್ರ ತಂದೆ ತೀರ್ಕೊಂಡ್ರು, ಎಪ್ಪತ್ನಾಲ್ಕು ವರ್ಷ. ಜಿಎಸ್‌ಟಿ ಕೆಲ್ಸ ಗೊತ್ತಿರೋರಿಗೆ ಆ ತಾರೀಕು ಅಂದ್ರೇನು ಅಂತ ಹೇಳ್ಬೇಕಾಗಿಲ್ಲ, ಪ್ರತಿ ತಿಂಗಳು ರಿಟರ್ನ್ ಹಾಕೋರಿಗೆ ಜಿಎಸ್‌ಟಿಆರ್ 3ಬಿ ಕಟ್ಟೋ ಕೊನೇ ದಿನ 20. ನಮ್ಮಲ್ಲಿ ಆ ಕೆಲ್ಸ ಪೂರ್ತಿ ಮಂಜು ಕೈಲೇ ಇತ್ತು. ಅಂದ್ರೆ ಒಂದು ಕಡೆ ಮನುಷ್ಯನ ಅಪ್ಪ ಹೋಗಿದಾರೆ, ಇನ್ನೊಂದು ಕಡೆ ಮೂರು ದಿನದಲ್ಲಿ ಫೈಲಿಂಗ್ ಆಗ್ಬೇಕು, ಲೇಟಾದ್ರೆ ಬಡ್ಡಿ, ಲೇಟ್ ಫೀ. ಆಫೀಸ್ ಮೇಲ್ ಅಂದ್ರೆ ಹೀಗೇ, ಸಾವಿನ ಪಕ್ಕದಲ್ಲೇ ಕೆಲ್ಸ ನಿಂತಿರತ್ತೆ, ಇಲ್ಲ ಅನ್ನೋ ಥರ ಬರೆದ್ರೂ ಸುಳ್ಳಾಗತ್ತೆ, ಅದನ್ನೇ ಮುಂದೆ ಮಾಡಿದ್ರೂ ತಪ್ಪಾಗತ್ತೆ.

ಅವತ್ತು ಬೆಳಿಗ್ಗೆ ನಾನು ಗಡಿಬಿಡೀಲಿ ಮೊದ್ಲು ಟೈಪ್ ಮಾಡಿದ್ದು ಇದು, ಪುಣ್ಯಕ್ಕೆ ಕಳಿಸ್ಲಿಲ್ಲ.

"ಆತ್ಮೀಯ ಮಂಜುನಾಥ್ ಅವರೇ, ತಮ್ಮ ಪೂಜ್ಯ ತಂದೆಯವರ ಅಕಾಲಿಕ ನಿಧನದ ಸುದ್ದಿ ತಿಳಿದು ಆಘಾತವಾಯಿತು. ಏನಾಗಿತ್ತು ಅವರಿಗೆ? ಮೃತರ ಆತ್ಮಕ್ಕೆ ಚಿರಶಾಂತಿ ದೊರೆಯಲಿ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿಯನ್ನು ಭಗವಂತ ಕರುಣಿಸಲಿ. ನಾನೂ ಅಮ್ಮನನ್ನು ಕಳೆದುಕೊಂಡವನು, ನಿಮ್ಮ ನೋವು ನನಗೆ ಪೂರ್ತಿ ಅರ್ಥವಾಗುತ್ತದೆ. ಏನೇ ಸಹಾಯ ಬೇಕಿದ್ದರೂ ಸಂಕೋಚವಿಲ್ಲದೆ ಕೇಳಿ. ಸಮಯ ಸಿಕ್ಕಾಗ 3ಬಿ ವರ್ಕಿಂಗ್ ಶೀಟ್ ಎಲ್ಲಿದೆ ಎಂದು ತಿಳಿಸಿ."

ಮೇಲ್ನೋಟಕ್ಕೆ ಕೆಟ್ಟದಾಗೇನೂ ಇಲ್ಲ ಅನ್ಸತ್ತೆ ಅಲ್ವಾ, ನಾನೂ ಹಾಗೇ ಅನ್ಕೊಂಡಿದ್ದೆ. ನಿಧಾನಕ್ಕೆ ಓದಿದಾಗ ಒಂದೊಂದೇ ಕಾಣ್ಸಕ್ಕೆ ಶುರುವಾಯ್ತು.

ಮೊದ್ಲು ಆ "ಅಕಾಲಿಕ". ಎಪ್ಪತ್ನಾಲ್ಕು ವರ್ಷದೋರು, ಎರಡು ವರ್ಷದಿಂದ ಹುಷಾರಿರ್ಲಿಲ್ಲ, ಅವ್ರ ಸಾವಿಗೆ ಅಕಾಲಿಕ ಅಂತ ಬರ್ದಿದೀನಿ. ಯಾಕಂದ್ರೆ ನಿಧನ ಅನ್ನೋ ಪದದ ಹಿಂದೆ ಕೈ ತಾನಾಗೇ ಅಕಾಲಿಕ ಅಂತ ಸೇರಿಸ್ಬಿಡತ್ತೆ, ಪೇಪರಲ್ಲಿ ಶ್ರದ್ಧಾಂಜಲಿ ಜಾಹೀರಾತಲ್ಲಿ ಸರ್ಕಲ್ಲಿನ ಫ್ಲೆಕ್ಸಲ್ಲಿ ನೋಡಿ ನೋಡಿ ರೂಢಿ ಆಗಿರೋದು. "ದುಃಖ ಭರಿಸುವ ಶಕ್ತಿ" ಕೂಡ ಅಲ್ಲಿಂದಾನೇ ಬಂದಿದ್ದು. ಓದೋರಿಗೆ ಇದು ಅವ್ರ ಅಪ್ಪನ ಬಗ್ಗೆ ಬರ್ದಿದ್ದು ಅಂತ ಅನ್ಸಲ್ಲ, ಯಾರಪ್ಪನ ಹೆಸ್ರು ಹಾಕಿದ್ರೂ ನಡೆಯೋ ಮಾತು. ಹಾಗಂತ ಎಪ್ಪತ್ನಾಲ್ಕು ಅಂದ್ಮೇಲೆ "ವಯಸ್ಸಾಗಿತ್ತಲ್ಲ, ತುಂಬು ಜೀವನ ಮಾಡಿದ್ರು" ಅಂತ ಬರೆಯೋದು ಇನ್ನೂ ಕೆಟ್ದು. ಅದನ್ನ ಹೇಳೋ ಹಕ್ಕು ಮನೆಯವ್ರಿಗೆ ಮಾತ್ರ ಇರೋದು, ಅವ್ರೇ ಹೇಳಿದ್ರೆ ಹೂಂ ಅನ್ನಿ, ನೀವಾಗಿ ಹೇಳ್ಬೇಡಿ.

ಆಮೇಲೆ ಭಾಷೆ. ಮಂಜು ಜೊತೆ ದಿನಾ ಟೀಗೆ ಹೋಗ್ತೀನಿ, "ಬರ್ರೀ ಮಂಜು ಹೋಗೋಣ" ಅಂತಾನೇ ಮಾತು. ಅಂಥೋರಿಗೆ ಏಕಾಏಕಿ "ಆತ್ಮೀಯ ಮಂಜುನಾಥ್ ಅವರೇ, ತಮ್ಮ ಪೂಜ್ಯ" ಅಂತ ಬರ್ದ್ರೆ ದೂರ ನಿಂತು ಕೈ ಮುಗ್ದ ಹಾಗಾಗತ್ತೆ. ನೀವು ಅನ್ನೋರಿಗೆ ನೀವು, ನೀನು ಅನ್ನೋರಿಗೆ ನೀನು, ಮೇಡಂ ಅನ್ನೋರಿಗೆ ಮೇಡಂ, ದಿನಾ ಹೇಗೆ ಕರೀತೀರೋ ಹಾಗೇ ಕರೀರಿ. ಆದ್ರೆ ತೀರ್ಕೊಂಡವ್ರಿಗೆ ಮಾತ್ರ ಯಾವಾಗ್ಲೂ ಮರ್ಯಾದೆ, ಅದ್ರಲ್ಲಿ ರಾಜಿ ಇಲ್ಲ. ಗೆಳೆಯನಿಗೆ ನೀನು ಅಂತ ಬರೆದ್ರೂ ಅವನಪ್ಪ "ನಿಮ್ಮಪ್ಪಾಜಿ", "ನಿಮ್ಮ ತಂದೆಯವ್ರು", "ತೀರ್ಕೊಂಡ್ರು", "ಹೋಗ್ಬಿಟ್ರು". ಇಂಗ್ಲಿಷಾ ಕನ್ನಡಾನಾ ಅನ್ನೋದಕ್ಕೂ ಇದೇ ಉತ್ತರ, ಮಾತಾಡೋದು ಯಾವ ಭಾಷೇಲೋ ಮೇಲೂ ಅದ್ರಲ್ಲೇ. ಆಫೀಸ್ ಮೇಲ್ ಅಂದ್ರೆ ಇಂಗ್ಲಿಷೇ ಆಗ್ಬೇಕು ಅಂತೇನಿಲ್ಲ, ಒಬ್ರಿಂದ ಒಬ್ರಿಗೆ ಹೋಗೋ ಮೇಲಲ್ಲಿ ಕನ್ನಡ ಬರ್ದ್ರೆ ಯಾವ ಆಫೀಸೂ ಬೇಡ ಅನ್ನಲ್ಲ. ಒಂದು ಸಣ್ಣ ಎಚ್ಚರ, "ಬೇಜಾರಾಯ್ತು" ಅನ್ನೋದು ನಮ್ಮ ಕಡೆ ದುಃಖಕ್ಕೂ ಸರಿ ಬೋರಾಗೋದಕ್ಕೂ ಸರಿ, ಮೇಲಲ್ಲಿ ದನಿ ಕೇಳ್ಸಲ್ಲ, ಅದಕ್ಕೆ ನಾನು "ಸಂಕಟ ಆಯ್ತು" ಅಂತ ಬರೀತೀನಿ.

"ಆತ್ಮಕ್ಕೆ ಶಾಂತಿ", "ಭಗವಂತ ಶಕ್ತಿ ಕೊಡಲಿ" ಇದ್ರ ಬಗ್ಗೆ ನಂಗೆ ಗಟ್ಟಿ ಅಭಿಪ್ರಾಯ ಇದೆ. ಅವ್ರ ಮನೇಲಿ ಏನು ನಡ್ಕೊಂಡು ಬಂದಿದೆ ಅಂತ ಗೊತ್ತಿಲ್ದೆ ನಮ್ಮ ಮನೆ ಮಾತನ್ನ ಅವ್ರ ಮನೆ ಸಾವಿನ ಮೇಲೆ ಹೇರ್ಬಾರ್ದು. ಲಿಂಗಾಯತರ ಮನೇಲಿ ಲಿಂಗೈಕ್ಯರಾದ್ರು, ಶಿವೈಕ್ಯರಾದ್ರು ಅಂತಾರೆ, ಮುಸ್ಲಿಮರು ಹೇಳೋ ಪ್ರಾರ್ಥನೇನೇ ಬೇರೆ, ಕ್ರೈಸ್ತರದ್ದು ಬೇರೆ, ಇನ್ನು ಕೆಲವ್ರಿಗೆ ದೇವ್ರು ಅನ್ನೋದೇ ಬೇಕಾಗಿರಲ್ಲ. ಅವ್ರೇ ಕಳ್ಸಿದ ಮೆಸೇಜಲ್ಲಿ ಯಾವ ಪದ ಬಳಸಿದಾರೆ ನೋಡಿ, "ಅಪ್ಪ ಶಿವೈಕ್ಯರಾದ್ರು" ಅಂದಿದ್ರೆ ನೀವೂ ಅದೇ ಪದ ಹಿಡೀಬಹುದು. ಏನೂ ಗೊತ್ತಿಲ್ಲ ಅಂದ್ರೆ "ತೀರ್ಕೊಂಡ್ರು" ಸಾಕು, ಅದು ಎಲ್ರ ಮನೆಗೂ ಸಲ್ಲತ್ತೆ.

"ಏನಾಗಿತ್ತು ಅವರಿಗೆ?" ಇದು ಮನುಷ್ಯ ಸಹಜ ಪ್ರಶ್ನೆ, ಎದುರಿಗೆ ಕೂತಾಗ ಎಲ್ರೂ ಕೇಳ್ತೀವಿ. ಮೇಲಲ್ಲಿ ಕೇಳಿದ್ರೆ ಅದು ಉತ್ತರ ಬೇಡೋ ಪ್ರಶ್ನೆ ಆಗತ್ತೆ. ಮೂವತ್ತು ಜನ ಕೇಳಿದ್ರೆ ಮೂವತ್ತು ಸಲ ಆ ರಾತ್ರಿ ಆಸ್ಪತ್ರೇಲಿ ಏನಾಯ್ತು ಅಂತ ಟೈಪ್ ಮಾಡ್ಬೇಕು. ಕೆಲವು ಸಾವಿಗೆ ಕಾರಣ ಹೊರಗೆ ಹೇಳೋ ಹಾಗೇ ಇರಲ್ಲ. ಹೇಳ್ಬೇಕು ಅನ್ಸಿದ್ರೆ ಅವ್ರೇ ಹೇಳ್ತಾರೆ.

"ನಾನೂ ಅಮ್ಮನ ಕಳ್ಕೊಂಡಿದೀನಿ, ಪೂರ್ತಿ ಅರ್ಥ ಆಗತ್ತೆ" ಅನ್ನೋ ಸಾಲು ತೆಗೆಯೋದು ನಂಗೆ ಕಷ್ಟ ಆಯ್ತು, ಯಾಕಂದ್ರೆ ಅದು ಮನಸ್ಸಿಂದ ಬಂದಿದ್ದು. ಆದ್ರೆ ಮಂಜು ಅದನ್ನ ಓದಿದ ತಕ್ಷಣ ಏನಾಗತ್ತೆ, ಅವ್ರ ದುಃಖ ಬಿಟ್ಟು ನನ್ನ ದುಃಖಕ್ಕೆ ಸಮಾಧಾನ ಹೇಳ್ಬೇಕಾಗತ್ತೆ. ಮತ್ತೆ ಪೂರ್ತಿ ಅರ್ಥ ಆಗೋದು ನಿಜಾನೂ ಅಲ್ಲ, ನಮ್ಮಮ್ಮನ ಜೊತೆ ನಂದು ಬೇರೆ ಸಂಬಂಧ, ಅವ್ರಪ್ಪನ ಜೊತೆ ಅವ್ರದ್ದು ಬೇರೆ. ಅಪ್ಪನ ಜೊತೆ ಹತ್ತು ವರ್ಷ ಮಾತೇ ಬಿಟ್ಟಿದ್ದ ಮಕ್ಕಳೂ ಇರ್ತಾರೆ, ಅವ್ರ ಸಂಕಟ ಇನ್ನೊಂದು ಥರದ್ದು. ನನ್ನ ಕಥೆ ತಿಂಗಳು ಕಳೆದ್ಮೇಲೆ ಟೀ ಕುಡಿಯುವಾಗ ಹೇಳ್ಬಹುದು.

"ಏನೇ ಸಹಾಯ ಬೇಕಿದ್ರೂ ಕೇಳಿ" ಅಂತ ಎಲ್ರೂ ಬರೀತೀವಿ, ಯಾರೂ ಕೇಳಲ್ಲ. ಕೇಳ್ಬೇಕು ಅಂದ್ರೆ ಅವ್ರೇ ಕೂತು ಯೋಚ್ನೆ ಮಾಡ್ಬೇಕು, ಯಾವ ಕೆಲ್ಸ ಬಾಕಿ ಇದೆ, ಇವ್ರಿಗೆ ಯಾವುದು ಹೇಳ್ಬಹುದು, ಬೇಜಾರು ಮಾಡ್ಕೋತಾರಾ ಅಂತ. ಆ ಹೊತ್ತಲ್ಲಿ ಅದೂ ಒಂದು ಹೊರೆ. ಅದ್ರ ಬದ್ಲು ಒಂದೇ ಒಂದು ಕೆಲ್ಸ ಹೆಸ್ರು ಹೇಳಿ ನಾನು ಮಾಡ್ತೀನಿ ಅಂತ ಬರೆದ್ರೆ ಅವ್ರ ತಲೇಲಿ ಆ ಒಂದು ಗಂಟು ಬಿಚ್ಕೊಳ್ಳತ್ತೆ. ಮಂಜು ತಲೇಲಿ ಆ ಗಂಟು 20ನೇ ತಾರೀಕು ಅಂತ ನಂಗೆ ಗೊತ್ತಿತ್ತು. ಆದ್ರೆ ನಿಮ್ಮ ಕೈಲಿ ಆಗೋದನ್ನ ಮಾತ್ರ ಬರೀರಿ. ಮ್ಯಾನೇಜರ್ ಆಗಿದ್ರೆ "ರಜೆ ಬಗ್ಗೆ ಯೋಚ್ನೆ ಮಾಡ್ಬೇಡಿ" ಅಂತ ಬರೆಯೋ ಮುಂಚೆ ಎಚ್ಆರ್ ಹತ್ರ ಕೇಳಿ, ಪಾಲಿಸೀಲಿ ಮೂರೇ ದಿನ ಇದ್ದು ಉಳಿದದ್ದು ಅವ್ರ ಖಾತೆಯಿಂದ ಕಟ್ ಆದ್ರೆ ನಿಮ್ಮ ಮಾತಿಗೆ ಬೆಲೆ ಇರಲ್ಲ.

ಇನ್ನು ಆ ಕೊನೇ ಸಾಲು, 3ಬಿ ಶೀಟ್ ಎಲ್ಲಿದೆ. ನಂಗೆ ನಾಚಿಕೆ ಆಗಿದ್ದು ಇದ್ರ ಬಗ್ಗೆ. ಮೇಲೆ ಏನೇ ಬರ್ದಿದ್ರೂ ಓದೋರಿಗೆ ಈ ಮೇಲ್ ಬಂದಿದ್ದೇ ಶೀಟಿಗೋಸ್ಕರ ಅಂತ ಅನ್ಸತ್ತೆ. ಕೆಲ್ಸದ ಪ್ರಶ್ನೆ ಒಂದೇ ಒಂದು ಸಾಲಿದ್ರೂ ಇಡೀದು ಕೆಲ್ಸದ ಮೇಲ್ ಆಗ್ಬಿಡತ್ತೆ. ಹಾಗಾದ್ರೆ ನಿಜವಾಗ್ಲೂ ಅವ್ರ ಹತ್ರಾನೇ ಇರೋದು ಏನಾದ್ರೂ ಬೇಕಿದ್ರೆ ಏನು ಮಾಡೋದು? ಮೊದ್ಲು ಅವ್ರಿಲ್ದೆ ಸಿಗತ್ತಾ ನೋಡಿ. ನಾವು ಶೇರ್ಡ್ ಫೋಲ್ಡರ್ ಹುಡ್ಕಿದ್ವಿ, ಹೋದ ತಿಂಗಳ ಫೋಲ್ಡರ್ ಪಕ್ಕದಲ್ಲೇ ಶೀಟ್ ಇತ್ತು, ಅರ್ಧಕ್ಕಿಂತ ಜಾಸ್ತಿ ಕೆಲ್ಸ ಮುಗಿಸಿಟ್ಟಿದ್ರು. ಸಿಗ್ಲಿಲ್ಲ ಅಂದ್ರೆ ಟೀಮಿಂದ ಒಬ್ರೇ, ಅವ್ರಿಗೆ ಹತ್ತಿರ ಇರೋರು, ಅಂತ್ಯಕ್ರಿಯೆ ಆದ್ಮೇಲೆ ಬೇರೆ ಮೆಸೇಜಲ್ಲಿ ಒಂದೇ ಸಾಲಲ್ಲಿ ಕೇಳ್ಬೇಕು, ಒಂದು ಪದದಲ್ಲಿ ಉತ್ತರ ಕೊಡೋ ಹಾಗಿರ್ಬೇಕು. ಸಂತಾಪದ ಮೇಲಿಗೂ ಅದಕ್ಕೂ ಸಂಬಂಧ ಇರ್ಬಾರ್ದು.

ಇಷ್ಟೆಲ್ಲ ತೆಗ್ದ ಮೇಲೆ ಕಳಿಸಿದ್ದು ಇದು.

ವಿಷಯ: ನಿಮ್ಮ ತಂದೆಯವ್ರ ಬಗ್ಗೆ (ಉತ್ತರ ಬೇಡ)

"ಮಂಜು, ನಿಮ್ಮ ತಂದೆಯವ್ರು ತೀರ್ಕೊಂಡ್ರು ಅಂತ ಬೆಳಿಗ್ಗೆ ಗೊತ್ತಾಯ್ತು. ತುಂಬ ಸಂಕಟ ಆಯ್ತು.

ಊರಿಂದ ಬಂದ ಸೋಮವಾರ ನೀವು ಬ್ಯಾಗಿಂದ ತೆಂಗಿನಕಾಯಿ ತೆಗ್ದು 'ಅಪ್ಪನೇ ಸುಲ್ದು ಕೊಟ್ಟಿದ್ದು, ಬೇಡ ಅಂದ್ರೂ ಬಿಡಲ್ಲ' ಅಂತ ನಮಗೆಲ್ಲ ಹಂಚ್ತಿದ್ದದ್ದು ನೆನಪಾಯ್ತು.

20ರ ಫೈಲಿಂಗ್ ನಾನು ಮಾಡ್ತೀನಿ, ನಿಮ್ಮ ಶೀಟ್ ಸಿಕ್ಕಿದೆ, ಅದ್ರ ಯೋಚ್ನೆ ಬಿಡಿ. ಕೆಲ್ಸದ ವಿಷಯಕ್ಕೆ ನಮ್ಮ ಟೀಮಿಂದ ಯಾರೂ ಫೋನ್ ಮಾಡಲ್ಲ.

ಅಮ್ಮನ ಜೊತೆ ಇರಿ. ಇದಕ್ಕೆ ಉತ್ತರ ಬರೀಬೇಡಿ."

ಐವತ್ತೇ ಪದ. ಫೋನಲ್ಲಿ ಸ್ಕ್ರೋಲ್ ಮಾಡ್ದೆ ಓದ್ಬಹುದು, ನಂಗೆ ಅದೇ ಅಳತೆ. ಆತ್ಮೀಯತೆ ಅನ್ನೋದು ಇದ್ರಲ್ಲಿ ಎಲ್ಲಿದೆ ಅಂತ ಕೇಳಿದ್ರೆ ತೆಂಗಿನಕಾಯಿ ಸಾಲಲ್ಲಿದೆ, ಅಲ್ಲೊಂದೇ ಕಡೆ. ಆ ಒಂದು ಸಾಲು ನಿಜವಾಗಿದ್ರೆ ಉಳಿದದ್ದು ಸಪ್ಪಗಿದ್ರೂ ಪರವಾಗಿಲ್ಲ. ಮಿತಿ ಎಲ್ಲಿದೆ ಅನ್ನೋದೂ ಅದೇ ಸಾಲಲ್ಲಿದೆ ನೋಡಿ. ಆ ವಿಷಯ ಮಂಜು ನಂಗೆ ತಾವಾಗೇ ಹೇಳಿದ್ದು, ಎಲ್ರ ಮುಂದೆ ಹೇಳಿದ್ದು. ಅವ್ರ ಫೇಸ್‌ಬುಕ್ಕಲ್ಲಿ ಹಳೇ ಫೋಟೋ ಹುಡ್ಕಿ "ನಿಮ್ಮಪ್ಪನ ಜೊತೆ ಧರ್ಮಸ್ಥಳಕ್ಕೆ ಹೋಗಿದ್ರಲ್ಲ" ಅಂತ ಬರ್ದಿದ್ರೆ ಅದೂ ವಿವರಾನೇ, ಆದ್ರೆ ಮೈ ಜುಂ ಅನ್ಸತ್ತೆ. ಅವ್ರು ಕೊಟ್ಟಿದ್ದನ್ನ ನೆನಪು ಮಾಡ್ಕೊಳ್ಳಿ, ನೀವು ಹುಡ್ಕಿದ್ದನ್ನ ಬೇಡ. "ಅಮ್ಮನ ಜೊತೆ ಇರಿ" ಅಂತ ಬರೆಯೋ ಮುಂಚೆ ಕೂಡ ಅವ್ರ ತಾಯಿ ಇದಾರೆ ಅಂತ ನಂಗೆ ಖಚಿತ ಇತ್ತು, ಸಂಶಯ ಇದ್ದಿದ್ರೆ "ಮನೆಯವ್ರ ಜೊತೆ ಇರಿ" ಅಂತಿದ್ದೆ.

ಏನೂ ನೆನಪಿಲ್ಲ, ಅವ್ರ ಅಪ್ಪನ ಬಗ್ಗೆ ಒಂದು ಮಾತೂ ಕೇಳಿಲ್ಲ ಅಂದ್ರೆ? ಬಹಳ ಸಲ ಹಾಗೇ ಇರತ್ತೆ, ಬೇರೆ ಬಿಲ್ಡಿಂಗಿನೋರು, ಫೋನಲ್ಲಷ್ಟೇ ಪರಿಚಯ. ಆಗ ನೆನಪು ಕಟ್ಟಬೇಡಿ. "ಸುದ್ದಿ ಗೊತ್ತಾಯ್ತು, ಸಂಕಟ ಆಯ್ತು. ನಿಮ್ಮನ್ನ ನೆನೆಸ್ಕೋತಾ ಇದೀನಿ. ನನ್ನ ಕಡೆಯಿಂದ ಇರೋ ಬಾಕಿ ಕೆಲ್ಸ ನೀವು ಬರೋವರ್ಗೂ ಕಾಯತ್ತೆ, ಉತ್ತರ ಬೇಡ" ಅಷ್ಟು ಸಾಕು. ಪರಿಚಯ ಕಮ್ಮಿ ಇದ್ದಷ್ಟೂ ಮೇಲ್ ಚಿಕ್ಕದಾಗ್ಬೇಕು, ನಾವು ಮಾಡೋದು ಉಲ್ಟಾ, ಹೇಳಕ್ಕೇನೂ ಇಲ್ದಾಗ್ಲೇ ಗಾದೆ ಶ್ಲೋಕ ಎಲ್ಲ ಸೇರಿಸಿ ಉದ್ದ ಮಾಡ್ತೀವಿ.

"ಉತ್ತರ ಬೇಡ" ಅನ್ನೋದನ್ನ ಸಬ್ಜೆಕ್ಟಲ್ಲೇ ಹಾಕಿದ್ದಕ್ಕೂ ಕಾರಣ ಇದೆ. ನೋಟಿಫಿಕೇಷನಲ್ಲಿ ಮೊದ್ಲು ಕಾಣೋದು ಸಬ್ಜೆಕ್ಟು, ಆಮೇಲೆ ಮೊದಲ್ನೇ ಸಾಲು. ಬರೀ "ಅರ್ಜೆಂಟ್" ಅಂತಲೋ ಹಳೇ ಫೈಲಿಂಗ್ ಮೇಲಿಗೆ ರಿಪ್ಲೈ ಹಾಕಿಯೋ ಕಳ್ಸಿದ್ರೆ ಅವ್ರು ಅದನ್ನ ತೆಗೆಯೋದು ಭಯದಲ್ಲೇ. ಹಳೇ ಥ್ರೆಡ್ಡಲ್ಲಿ ಬರೀಲೇಬೇಡಿ, ಇನ್ನೊಂದು ವರ್ಷ ಕಳೆದು ಯಾವುದೋ ಇನ್‌ವಾಯ್ಸ್ ಹುಡುಕ್ವಾಗ ಅದ್ರ ನಡುವೆ ಅಪ್ಪನ ಸಾವು ಬಂದು ಕೂತಿರತ್ತೆ. ಹೊಸ ಮೇಲು, ಅವ್ರೊಬ್ರಿಗೇ, ಸಿಸಿ ಯಾರಿಗೂ ಇಲ್ಲ. ಸಿಸೀಲಿ ಬಾಸ್ ಇದ್ರೆ ಅದು ಬಾಸಿಗೆ ಕಾಣ್ಲಿ ಅಂತ ಬರ್ದಿದ್ದು ಅನ್ಸಿಬಿಡತ್ತೆ.

ಕಳಿಸೋ ಮುಂಚೆ ಮೇಲಿನ ತಳ ನೋಡಿ, ಇದನ್ನ ನಾನು ಪೆಟ್ಟು ತಿಂದು ಕಲ್ತಿದ್ದು. ಮುಂಚೆ ಕೆಲ್ಸ ಮಾಡ್ತಿದ್ದ ಕಡೆ ಎಲ್ರ ಸಿಗ್ನೇಚರ್ ಕೆಳಗೂ ಹಬ್ಬದ ಬ್ಯಾನರ್ ತಾನಾಗೇ ಸೇರ್ತಿತ್ತು, ದೀಪಾವಳಿ ಟೈಮಲ್ಲಿ ಒಬ್ರಿಗೆ ಅವ್ರ ಹೆಂಡತಿ ತೀರ್ಕೊಂಡಿದ್ದಕ್ಕೆ ನಾನು ಬರ್ದ ಮೇಲಿನ ಕೆಳಗೆ ಬಣ್ಣಬಣ್ಣದ ಹಣತೆ, ಪಟಾಕಿ, ಶುಭಾಶಯ. ಟೈಪ್ ಮಾಡ್ವಾಗ ನನ್ನ ಸ್ಕ್ರೀನಲ್ಲಿ ಕಾಣ್ಸಿರ್ಲಿಲ್ಲ, ಸರ್ವರಲ್ಲಿ ಸೇರ್ಕೊಂಡಿದ್ದು, ಸೆಂಟ್ ಆದ್ಮೇಲೆ ಬೇರೆಯವ್ರ ಮೇಲಲ್ಲಿ ನೋಡಿ ಗೊತ್ತಾಯ್ತು. ಅಂಥ ಬ್ಯಾನರ್ ಇರೋ ಆಫೀಸಾದ್ರೆ ಮೊದ್ಲು ನಿಮ್ಮದೇ ಹೊರಗಿನ ಐಡಿಗೆ ಒಂದು ಕಳ್ಸಿ ನೋಡಿ, ತೆಗೆಯಕ್ಕೆ ಆಗಲ್ಲ ಅಂದ್ರೆ ವಾಟ್ಸಾಪಲ್ಲೇ ಬರೀರಿ. ಜಿಮೇಲಲ್ಲಿ ಕಳಿಸಿದ್ದನ್ನ ವಾಪಸ್ ತಗೊಳ್ಳೋ ಟೈಮನ್ನ ಸೆಟ್ಟಿಂಗಲ್ಲಿ 30 ಸೆಕೆಂಡಿನವರ್ಗೂ ಇಟ್ಕೋಬಹುದು, ಅದಕ್ಕಿಂತ ಜಾಸ್ತಿ ಇಲ್ಲ. ಔಟ್‌ಲುಕ್ಕಲ್ಲಿ ರೀಕಾಲ್ ಅಂತ ಇದೆ, ಅದು ಒಂದೇ ಸಂಸ್ಥೆಯ ಒಳಗಿನ ಮೇಲ್‌ಗಳಿಗೆ, ಹೊರಗಿನ ಐಡಿಗೆ ಹೋಗಿದ್ದು ಹೋಯ್ತು ಅಂತಾನೇ.

ಟೀಮಿಗೆ ಸುದ್ದಿ ತಿಳಿಸೋ ಮೇಲ್ ಬೇರೆ, ಅದನ್ನ ಸಾಮಾನ್ಯವಾಗಿ ಮ್ಯಾನೇಜರ್ ಬರೀತಾರೆ. ಅದ್ರಲ್ಲಿ ಯಾರ ಮನೇಲಿ ಯಾರು ತೀರ್ಕೊಂಡ್ರು, ಎಷ್ಟು ದಿನ ಬರಲ್ಲ, ಅಷ್ಟು ದಿನ ಅವ್ರ ಕೆಲ್ಸಕ್ಕೆ ಯಾರನ್ನ ಕೇಳ್ಬೇಕು, ಇಷ್ಟೇ ಇರ್ಬೇಕು. ಕಾಯಿಲೆ ಹೆಸ್ರು, ಆಸ್ಪತ್ರೆ ಹೆಸ್ರು ಬೇಡ. ಮನೆ ಅಡ್ರೆಸ್, ಅಂತ್ಯಕ್ರಿಯೆ ಎಲ್ಲಿ ಎಷ್ಟೊತ್ತಿಗೆ ಅನ್ನೋದು ಅವ್ರು "ತಿಳ್ಸಿ" ಅಂದಿದ್ರೆ ಮಾತ್ರ. ಆ ಮೇಲಿಗೆ ರಿಪ್ಲೈ ಆಲ್ ಹಾಕಿ ಎಲ್ರೂ ಓಂ ಶಾಂತಿ ಓಂ ಶಾಂತಿ ಅಂತ ಬರೆಯೋದು ನಡೀತಾನೇ ಇರತ್ತೆ, ಮೊದಲ್ನೇ ಐದು ನಿಮಿಷದಲ್ಲಿ ಇಪ್ಪತ್ತು ಬೀಪ್, ಯಾರ ಮನೇಲಿ ಸಾವಾಗಿದೆಯೋ ಅವ್ರ ಫೋನೂ ಆ ಲಿಸ್ಟಲ್ಲಿ ಇರತ್ತೆ ಅನ್ನೋದು ಮರ್ತೇ ಹೋಗಿರತ್ತೆ. ಮ್ಯಾನೇಜರ್ ಎಲ್ರನ್ನೂ ಬಿಸಿಸೀಲಿ ಹಾಕಿ ಕಳ್ಸಿದ್ರೆ ಈ ತೊಂದ್ರೇನೇ ಇರಲ್ಲ.

ಯಾವಾಗ ಕಳಿಸ್ಬೇಕು ಅನ್ನೋದಕ್ಕೆ ನಾನು ಗೊತ್ತಾದ ದಿನಾನೇ ಅಂತೀನಿ. ಒಳ್ಳೇ ಮಾತು ಹುಡುಕ್ತಾ ಕೂತ್ರೆ ಮೂರು ದಿನ ಹೋಗತ್ತೆ, ಆಮೇಲೆ ಲೇಟಾಯ್ತಲ್ಲ ಅನ್ನೋ ಸಂಕೋಚ, ಕೊನೆಗೆ ಬರೆಯೋದೇ ಇಲ್ಲ. ಲೇಟಾದ್ರೂ ಬರೀರಿ, "ತಡವಾಯ್ತು" ಅಂತ ಅರ್ಧ ಸಾಲು ಸಾಕು, ಯಾಕೆ ತಡ ಆಯ್ತು ಅಂತ ಕಾರಣ ಬೇಡ. ನಂಗೆ ಅಮ್ಮ ಹೋಗಿ ತಿಂಗಳಾದ್ಮೇಲೆ ಒಂದು ಮೇಲ್ ಬಂತು, ಅಷ್ಟೊತ್ತಿಗೆ ಉಳಿದೋರೆಲ್ಲ ನಿಲ್ಸಿಬಿಟ್ಟಿದ್ರು, ಅದಕ್ಕೇ ಅದು ಇನ್ನೂ ಹತ್ರ ಅನ್ಸಿತ್ತು.

ಇದಕ್ಕಿಂತ ಮುಖ್ಯ ಅಂತ ನಂಗೆ ಅನ್ಸೋದು ಎರಡನೇ ಮೇಲು, ಇದನ್ನ ಬಹಳ ಜನ ಬರೆಯಲ್ಲ. ಹದಿಮೂರು ದಿನ ಕಾರ್ಯ ಎಲ್ಲ ಮುಗ್ಸಿ ವಾಪಸ್ ಬರೋ ಹಿಂದಿನ ರಾತ್ರಿ ಹೆದರಿಕೆ ಆಗತ್ತೆ, ಎಷ್ಟು ಮೇಲ್ ಬಿದ್ದಿದೆಯೋ, ಎಲ್ರೂ ಸುತ್ತ ಬಂದು ಏನಾಯ್ತು ಅಂತ ಕೇಳ್ತಾರೋ ಅಂತ. ಮಂಜುಗೆ ಭಾನುವಾರ ಸಂಜೆ ಬರೆದೆ. "ನಾಳೆ ಬರ್ತೀರ ಅಂತ ಗೊತ್ತಾಯ್ತು. 3ಬಿ 19ಕ್ಕೇ ಆಯ್ತು, ಚಲನ್ ಫೋಲ್ಡರಲ್ಲಿದೆ. ನೀವು ನೋಡ್ಲೇಬೇಕಾದ್ದು ಎರಡೇ ಮೇಲ್, ಎರಡಕ್ಕೂ ವಿಷಯ ಏನು ಅಂತ ಒಂದೊಂದು ಸಾಲು ಬರ್ದು ಕಳ್ಸಿದೀನಿ, ಉಳಿದದ್ದು ಆಮೇಲೆ ನೋಡಿದ್ರೂ ನಡೆಯತ್ತೆ. ಹನ್ನೊಂದಕ್ಕೆ ಟೀಗೆ ಹೋಗೋಣ, ಮಾತಾಡ್ಬೇಕು ಅಂತೇನಿಲ್ಲ." ಈ ಮೇಲಲ್ಲಿ ಕೆಲ್ಸದ ಮಾತು ಇರ್ಬಹುದು, ಇರ್ಲೇಬೇಕು, ಯಾಕಂದ್ರೆ ಈಗ ಅವ್ರಿಗೆ ಬೇಕಾಗಿರೋದೇ ಅದು. ಮೊದಲ್ನೇ ಮೇಲಲ್ಲಿ ಕೆಲ್ಸದ ಪ್ರಶ್ನೆ ಹಾಕ್ಬಾರ್ದು ಅಂದಿದ್ದು ಇದ್ರಲ್ಲಿ ಉತ್ತರ ಆಗಿ ಬಂದಿದೆ.

ಇನ್ನು ಅಭಿನಂದನೆ. ಇದು ಸುಲಭ ಅನ್ಸತ್ತೆ, ಅದಕ್ಕೇ ನಾವು "ಕಂಗ್ರಾಟ್ಸ್, ವೆಲ್ ಡಿಸರ್ವ್ಡ್" ಅಂತ ಹಾಕಿ ಮುಗಿಸ್ತೀವಿ. ಎಲ್ರಿಗೂ ಬಂದ ಅನೌನ್ಸ್‌ಮೆಂಟಿಗೆ ಅಷ್ಟು ಹಾಕಿದ್ರೆ ತಪ್ಪೇನಿಲ್ಲ, ಅದು ಚಪ್ಪಾಳೆ ಇದ್ದ ಹಾಗೆ. ಆದ್ರೆ ಹತ್ತಿರದೋರಿಗೆ ಬೇರೆಯಾಗಿ ಬರೆಯೋದಾದ್ರೆ ಸಂತಾಪದ ಹಾಗೇ ಇಲ್ಲೂ ಒಂದು ನಿಜವಾದ ವಿವರ ಬೇಕು, ಅವ್ರ ಕೆಲ್ಸದ್ದು, ನೀವು ಕಣ್ಣಾರೆ ನೋಡಿದ್ದು. "ಈ ಪ್ರಮೋಷನ್ ನಿಮಗೇ ಸಿಗ್ಬೇಕಿತ್ತು" ಅನ್ನೋದು ಹೊಗಳಿಕೆ ಥರ ಕಂಡ್ರೂ ಅದ್ರಲ್ಲಿ ಸಿಗದೇ ಇದ್ದ ಇನ್ನೊಬ್ರು ಇದಾರೆ, ಅದು ಫಾರ್ವರ್ಡ್ ಆಗಿ ಅವ್ರಿಗೆ ಹೋದ್ರೆ ಕಥೆ ಮುಗೀತು. "ಪಾರ್ಟಿ ಯಾವಾಗ", "ಈಗ ಎಷ್ಟು ಬರತ್ತೆ" ಇವೆಲ್ಲ ಬಾಯಲ್ಲಿ ನಡೆಯತ್ತೆ, ಮೇಲಲ್ಲಿ ಉಳ್ಕೊಳ್ಳತ್ತೆ. "ನಮ್ಮನ್ನೂ ನೆನಪಿಟ್ಕೊಳ್ಳಿ ಸಾರ್" ಅಂತೂ ಬೇಡ್ವೇ ಬೇಡ, ಶುಭಾಶಯದ ಬಾಲಕ್ಕೆ ಅರ್ಜಿ ಕಟ್ಟಿದ ಹಾಗೆ. ಮದ್ವೆ, ಮಗು ವಿಷಯದಲ್ಲಿ ಇನ್ನೊಂದು, ಅವ್ರೇ ಆಫೀಸಲ್ಲಿ ಹೇಳೋವರ್ಗೂ ನಿಮಗೆ ಗೊತ್ತಿದ್ರೂ ಬರೀಬಾರ್ದು, ಅದ್ರಲ್ಲೂ ಬಸುರಿ ವಿಷಯ.

ಆ ಜಾಗಕ್ಕೆ ನೀವೂ ಪ್ರಯತ್ನಪಟ್ಟು ಸಿಗದೇ ಇದ್ರೆ ಕೂಡ ಬರೀಬೇಕಾಗತ್ತೆ, ಎರಡು ಸಾಲು ಸಾಕು. ಬೇಕಾದ್ರೆ ಒಂದು ರಾತ್ರಿ ಬಿಟ್ಟು ಬರೀರಿ, ಆದ್ರೆ ನಿಮಗೆ ಅನ್ನಿಸ್ದೇ ಇರೋ ಖುಷೀನ ಬರೀಬೇಡಿ. "ಅಭಿನಂದನೆ. ಆಡಿಟ್ ಟೈಮಲ್ಲಿ ನೀವು ಎಲ್ರನ್ನೂ ಹೇಗೆ ಒಟ್ಟಿಗೆ ತಗೊಂಡು ಹೋದ್ರಿ ಅಂತ ನೋಡಿದೀನಿ, ನಿಮ್ಮ ಜೊತೆ ಕೆಲ್ಸ ಮಾಡ್ತೀನಿ" ಅಂದ್ರೆ ಅದ್ರಲ್ಲಿ ಸುಳ್ಳೂ ಇಲ್ಲ ಕಹೀನೂ ಇಲ್ಲ.

ಮಂಜುಗೆ ಅಪ್ಪ ಹೋದ ಎರಡು ತಿಂಗಳಿಗೆ ಪ್ರಮೋಷನ್ ಆಯ್ತು. ನಂಗೆ ತಕ್ಷಣ ಕೈಗೆ ಬಂದಿದ್ದು "ಇವತ್ತು ನಿಮ್ಮ ತಂದೆ ಇದ್ದಿದ್ರೆ ಎಷ್ಟು ಖುಷಿ ಪಡ್ತಿದ್ರು" ಅನ್ನೋ ಸಾಲು, ಟೈಪೂ ಮಾಡಿದ್ದೆ. ಆಮೇಲೆ ಅವ್ರು ಎಲ್ಲಿ ಕೂತು ಓದ್ತಾರೆ ಅಂತ ಯೋಚ್ನೆ ಮಾಡಿದೆ, ಬೆಳಿಗ್ಗೆ ಹತ್ತೂವರೆ, ಸುತ್ತ ಜನ ಕೈ ಕುಲುಕ್ತಾ ಇದಾರೆ, ಆ ಹೊತ್ತಲ್ಲಿ ಈ ಸಾಲು ಕಣ್ಣಿಗೆ ಬಿದ್ರೆ ಎದ್ದು ಬಾತ್‌ರೂಮಿಗೆ ಹೋಗ್ಬೇಕಾಗತ್ತೆ. ತೆಗ್ದು ಇಷ್ಟು ಕಳ್ಸಿದೆ. "ಮಂಜು, ಅಭಿನಂದನೆ, ನಂಗೆ ತುಂಬ ಖುಷಿಯಾಯ್ತು. ಆವತ್ತು ಅರ್ಧ ಬಿಟ್ಟು ಹೋದ ನಿಮ್ಮ 3ಬಿ ಶೀಟ್ ತೆಗ್ದಾಗ ಪ್ರತಿ ಕಾಲಮ್ಮಿಗೂ ನೋಟ್ ಬರ್ದಿಟ್ಟಿದ್ರಿ, ಯಾರನ್ನೂ ಕೇಳ್ದೆ ಫೈಲ್ ಮಾಡಕ್ಕಾಯ್ತು. ಅಂಥ ಕೆಲ್ಸ ಯಾರಿಗೂ ಕಾಣಲ್ಲ ಅನ್ಕೊಂಡಿದ್ದೆ, ಕಂಡಿದೆ."

ಮಧ್ಯಾಹ್ನ ಊಟ ಆದ್ಮೇಲೆ ಮಂಜುನೇ ನನ್ನ ಟೇಬಲ್ ಹತ್ರ ಬಂದು ನಿಂತ್ರು. "ಅಪ್ಪನಿಗೆ ಹೇಳ್ಬೇಕಿತ್ತು ಕಣ್ರೀ" ಅಂದ್ರು. ಹೂಂ ಅಂದೆ, ಕುರ್ಚಿ ಎಳ್ದು ಕೊಟ್ಟೆ, ಅವ್ರು ಕೂತು ಅಪ್ಪ ತೋಟದಲ್ಲಿ ಬೀಜದ ಕಾಯಿ ಹೇಗೆ ಆರಿಸ್ತಿದ್ರು ಅಂತ ಹೇಳಕ್ಕೆ ಶುರು ಮಾಡಿದ್ರು.